ಕೃಷ್ಣನ ಮಂಚದ ಸುತ್ತ ಕ್ಯಾಮೆರಾ ಇಡುವ ಮೊದಲು

ಸಮೇತನಹಳ್ಳಿಯ ಹುಡುಗರೇ, ಕುರುಕ್ಷೇತ್ರ ನಾಟಕದ ಒಂದು ದೃಶ್ಯವನ್ನು ವಿಡಿಯೊ ಮಾಡಬೇಕೆಂದಿದ್ದೀರಿ, ಸಂತೋಷ. ಆದರೆ ಪೆಂಡಾಲಿನ ಎದುರು ಮೊಬೈಲ್ ನಿಲ್ಲಿಸಿ, ಮೊದಲಿಂದ ಕೊನೆವರೆಗೆ ಹಿಡಿದು, ಅದನ್ನೇ ಚಿತ್ರ ಅನ್ನಬೇಡಿ. ಅದು ನಾಟಕದ ದಾಖಲೆ, ಅಷ್ಟೇ. ದೃಶ್ಯವನ್ನು ಚಿತ್ರ ಮಾಡಬೇಕಾದರೆ ಮೊದಲು ಕೈಗೆ ಪೆನ್ಸಿಲ್ ತೆಗೆದುಕೊಳ್ಳಿ.

ನೀವು ಆರಿಸಿಕೊಂಡಿರುವ ದೃಶ್ಯ ಒಳ್ಳೆಯದೇ. ಯುದ್ಧಕ್ಕೆ ಸಹಾಯ ಕೇಳಲು ದುರ್ಯೋಧನ ದ್ವಾರಕೆಗೆ ಬರುತ್ತಾನೆ. ಕೃಷ್ಣ ಮಲಗಿದ್ದಾನೆ. ದುರ್ಯೋಧನ ತಲೆಯ ಕಡೆ ಆಸನದಲ್ಲಿ ಕೂರುತ್ತಾನೆ, ಆಮೇಲೆ ಬಂದ ಅರ್ಜುನ ಕಾಲ ಕಡೆ ಕೈಮುಗಿದು ನಿಲ್ಲುತ್ತಾನೆ. ಕಣ್ಣು ಬಿಟ್ಟ ಕೃಷ್ಣನಿಗೆ ಮೊದಲು ಕಾಣುವವನು ಅರ್ಜುನ. ಯಾರು ಎಲ್ಲಿ ಕೂತರು ಅನ್ನುವುದೇ ಇಲ್ಲಿ ಕಥೆ.

ರಂಗದ ಮೇಲೆ ದುರ್ಯೋಧನ ಒಂದು ಉದ್ದನೆಯ ಸ್ವಗತ ಹೇಳುತ್ತಾನೆ: ಚಕ್ರವರ್ತಿಯಾದ ನಾನು ಗೊಲ್ಲನ ಕಾಲ ಬಳಿ ಕೂರುವುದೇ, ಎಂದು. ಕೊನೆಯ ಸಾಲಿನಲ್ಲಿ ಕೂತವರಿಗೆ ಅವನ ಮುಖ ಕಾಣುವುದಿಲ್ಲ, ಅದಕ್ಕೇ ಆ ಮಾತು ಬೇಕು. ಕ್ಯಾಮೆರಾ ಎರಡು ಅಡಿ ದೂರದಲ್ಲಿದ್ದಾಗ ಯಾಕೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಅವನು ಮಂಚದ ಕಾಲ ಕಡೆ ನೋಡಲಿ, ಒಂದು ಕ್ಷಣ ನಿಲ್ಲಲಿ, ಉತ್ತರೀಯ ಸರಿಮಾಡಿಕೊಂಡು ತಲೆಯ ಕಡೆ ನಡೆಯಲಿ. ಅವನು ನೋಡಿದ ಆ ಖಾಲಿ ಜಾಗವನ್ನೂ ಬೇರೆಯಾಗಿ ಒಂದು ಶಾಟ್ ತೆಗೆಯಿರಿ. ಅರ್ಜುನ ಬಂದು ಅಲ್ಲೇ ನಿಂತಾಗ ನೋಡುವವರಿಗೆ ತಾನಾಗಿ ಅರ್ಥವಾಗುತ್ತದೆ.

ಹಾಗೆಂದು ಸಿಕ್ಕ ಮಾತನ್ನೆಲ್ಲ ಹೊಡೆದುಹಾಕಬೇಡಿ. ‘ಮೊದಲು ಬಂದವನು ನಾನು’ ಎಂಬ ದುರ್ಯೋಧನನ ವಾದ ಇರಬೇಕು. ಅದು ಅವನ ಹಕ್ಕಿನ ಮಾತು. ‘ನಾನು ಮೊದಲು ಕಂಡದ್ದು ಅರ್ಜುನನನ್ನು’ ಎಂಬ ಕೃಷ್ಣನ ಉತ್ತರವೂ ಇರಬೇಕು. ಒಂದು ಕಡೆ ನಾರಾಯಣ ಸೇನೆ, ಇನ್ನೊಂದು ಕಡೆ ಆಯುಧ ಹಿಡಿಯದ ತಾನು ಎಂಬ ಆಯ್ಕೆಯನ್ನಂತೂ ಯಾವ ಚಿತ್ರವೂ ಹೇಳಲಾರದು. ಕಂಡದ್ದನ್ನೇ ವರ್ಣಿಸುವ ಮಾತು, ಮನಸ್ಸಿನ ಸ್ಥಿತಿ ಹೇಳುವ ಮಾತು ಚಿತ್ರವಾಗಲಿ. ಕೇಳುವ, ಕೊಡುವ, ಚೌಕಾಸಿ ಮಾಡುವ ಮಾತು ಮಾತಾಗಿಯೇ ಉಳಿಯಲಿ. ಪ್ರತಿಯಲ್ಲಿ ಒಂದೊಂದು ಸಾಲಿಗೂ ಈ ಪರೀಕ್ಷೆ ಮಾಡಿ.

ಇನ್ನು ಕ್ಯಾಮೆರಾ ಎಲ್ಲಿಡಬೇಕು? ಮಂಚವನ್ನು ಅಡ್ಡಡ್ಡ ಹಾಕಿ, ತಲೆ ಎಡಕ್ಕೆ, ಕಾಲು ಬಲಕ್ಕೆ. ತಲೆಯಿಂದ ಕಾಲಿಗೆ ಒಂದು ಗೆರೆ ಇದೆ ಎಂದುಕೊಂಡು, ಇಡೀ ದೃಶ್ಯವನ್ನು ಆ ಗೆರೆಯ ಒಂದೇ ಬದಿಯಿಂದ ತೆಗೆಯಿರಿ. ಆಗ ಕೃಷ್ಣ ಬಲಕ್ಕೆ ನೋಡುತ್ತಾನೆ, ಅರ್ಜುನ ಎಡಕ್ಕೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ ಅನಿಸುತ್ತದೆ. ಬೆಳಕು ಚೆನ್ನಾಗಿದೆಯೆಂದು ಮಂಚದ ಆಚೆಗೆ ಹೋಗಿ ಅರ್ಜುನನ ಕ್ಲೋಸಪ್ ತೆಗೆದಿರೋ, ಅವನೂ ಬಲಕ್ಕೇ ನೋಡುತ್ತಾನೆ. ಇಬ್ಬರೂ ಬಾಗಿಲ ಕಡೆ ಇನ್ಯಾರನ್ನೋ ನೋಡಿದ ಹಾಗಾಗುತ್ತದೆ. ಮನೆಗೆ ಬಂದು ಜೋಡಿಸುವಾಗ ಗೊತ್ತಾದರೆ ಏನು ಬಂತು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮೊದಲು ಮೂವರೂ ಕಾಣುವಂತೆ ದೂರದ ಶಾಟಿನಲ್ಲಿ ದೃಶ್ಯವನ್ನು ಪೂರ್ತಿ ಆಡಿಸಿ. ಆಮೇಲೆ ಒಬ್ಬೊಬ್ಬರ ಹತ್ತಿರದ ಶಾಟಿಗೂ ಸಂಭಾಷಣೆಯನ್ನು ಮೊದಲಿಂದ ಕೊನೆವರೆಗೆ ಆಡಿಸಿ. ‘ನನ್ನ ಮಾತು ಮುಗೀತು’ ಎಂದು ಯಾರೂ ಎದ್ದು ಹೋಗಬಾರದು. ಮಾತಾಡುವವನಿಗಿಂತ ಕೇಳಿಸಿಕೊಳ್ಳುವವನ ಮುಖವೇ ಜೋಡಿಸುವಾಗ ಹೆಚ್ಚು ಬೇಕಾಗುತ್ತದೆ. ಹತ್ತಿರದ ಶಾಟಿನಲ್ಲಿ ದನಿ ಇಳಿಸಿ. ಹೊಲದಾಚೆಗೆ ಕೇಳುವ ಹಾಗೆ ಕೂಗಿ ಅಭ್ಯಾಸವಾಗಿದೆ ನಿಮಗೆ, ಕ್ಲೋಸಪ್ಪಿನಲ್ಲಿ ಅದು ಜಗಳದಂತೆ ಕೇಳುತ್ತದೆ.

ಹಾಡಿನ ವಿಷಯದಲ್ಲಿ ಮಾತ್ರ ನನ್ನ ಮಾತು ಮೀರಬೇಡಿ. ನಮ್ಮ ಹೊಸಕೋಟೆ ಸೀಮೆಯಲ್ಲಿ ಹಾಡಿಲ್ಲದ ಕುರುಕ್ಷೇತ್ರವನ್ನು ಜನ ಒಪ್ಪುವುದಿಲ್ಲ. ಆದರೆ ಹಾರ್ಮೋನಿಯಂ ಮೇಷ್ಟ್ರು ಒಂದೇ ಹಾಡನ್ನು ಎರಡು ಸಲ ನುಡಿಸಿದರೆ ಎರಡೂ ಸಲ ವೇಗ ಒಂದೇ ಇರುವುದಿಲ್ಲ. ಬೇರೆ ಬೇರೆ ಸಲ ಹಾಡಿದ್ದನ್ನು ಕತ್ತರಿಸಿ ಜೋಡಿಸಿದರೆ ತಾಳ ಎಡವುತ್ತದೆ. ಆದ್ದರಿಂದ ಹಾಡನ್ನು ಮೊದಲೇ ಒಂದು ಸಲ ಚೆನ್ನಾಗಿ ಧ್ವನಿಮುದ್ರಿಸಿ, ಅದನ್ನೇ ಹಾಕಿ ಪ್ರತಿ ಶಾಟಿನಲ್ಲೂ ಹಾಡಿಸಿ. ಅದು ಒಗ್ಗದಿದ್ದರೆ ಎರಡು ಮೊಬೈಲ್ ಒಟ್ಟಿಗೆ ಓಡಿಸಿ, ಒಂದು ದೂರದಲ್ಲಿ, ಒಂದು ಹತ್ತಿರದಲ್ಲಿ. ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆಯಿರಿ, ಆ ಸದ್ದಿನ ಮೇಲೆ ಎರಡನ್ನೂ ಹೊಂದಿಸಬಹುದು.

ಸಂಜೆ ಬೆಳಕು ಹೋಗುವ ಆತುರದಲ್ಲಿ ನೀವು ಬಿಟ್ಟುಬಿಡುವ ಶಾಟ್ ಯಾವುದೆಂದು ನನಗೆ ಗೊತ್ತು. ಕೃಷ್ಣ ‘ಯಾವಾಗ ಬಂದೆ ಅರ್ಜುನಾ’ ಅನ್ನುವಾಗ ಅವನ ಹಿಂದೆ ಕೂತ ದುರ್ಯೋಧನನ ಮುಖ. ಅವನಿಗೆ ಕಾಣುವುದು ಕೃಷ್ಣನ ನೆತ್ತಿ ಮಾತ್ರ. ಯಾವಾಗ ಇತ್ತ ತಿರುಗುತ್ತಾನೋ ಎಂದು ಕಾಯುತ್ತಿದ್ದಾನೆ. ದಯವಿಟ್ಟು ಅದನ್ನು ಮಧ್ಯಾಹ್ನವೇ ತೆಗೆದುಬಿಡಿ. ಆ ಮುಖ ಸಿಗದಿದ್ದರೆ ಹೊಡೆದುಹಾಕಿದ ಸ್ವಗತವನ್ನು ಮತ್ತೆ ಸೇರಿಸಬೇಕಾಗುತ್ತದೆ.