ಅರ್ಧ ದಿನದ ಅರ್ಜಿ

ಪ್ರಶ್ನೆ: ಪೀಣ್ಯದ ಒಂದು ಖಾಸಗಿ ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ತಂದೆಗೆ ಡಯಾಲಿಸಿಸ್ ಶುರುವಾಗಿದೆ. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಏಳಕ್ಕೆ ಕರೆದುಕೊಂಡು ಹೋಗಬೇಕು. ಅಮ್ಮನ ಕೈಲಿ ಆಗುವುದಿಲ್ಲ. ಹುಬ್ಬಳ್ಳಿಯಲ್ಲಿರುವ ತಮ್ಮ ಆಗಸ್ಟ್ ಕೊನೆಗೆ ಬೆಂಗಳೂರಿಗೆ ವರ್ಗವಾಗಿ ಬರುತ್ತಾನೆ. ಅಲ್ಲಿಯವರೆಗೆ ಕೆಲಸದ ಗಂಟೆ ಕಡಿಮೆ ಮಾಡಿ ಎಂದು ಕಂಪನಿಗೆ ಹೇಗೆ ಬರೆಯಲಿ? ಸಂಬಳ, ಗ್ರಾಚ್ಯುಟಿಗೆ ಹೊಡೆತ ಬೀಳುತ್ತದೆಯೇ?

ಉತ್ತರ: ಮೊದಲು ಒಂದು ಕಹಿ ಮಾತು. ತಂದೆತಾಯಿಯನ್ನು ನೋಡಿಕೊಳ್ಳಲು ಕೆಲಸದ ಗಂಟೆ ಇಳಿಸಿ ಎಂದು ಖಾಸಗಿ ಕಂಪನಿಯನ್ನು ಹಕ್ಕಿನಿಂದ ಕೇಳಲು ನಮ್ಮಲ್ಲಿ ಕಾನೂನಿಲ್ಲ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ 730 ದಿನಗಳ ಆರೈಕೆ ರಜೆ ಇದೆ, ಅದೂ ಮಕ್ಕಳಿಗಾಗಿ, ಹೆತ್ತವರಿಗಾಗಿ ಅಲ್ಲ. ಹಾಗಾಗಿ ನಿಮ್ಮದು ವಿನಂತಿ ಪತ್ರ. ಯಜಮಾನರು ಒಪ್ಪಬಹುದು, ಒಪ್ಪದಿರಬಹುದು. ಓದಿದವರಿಗೆ 'ಇದರಿಂದ ನಮಗೇನೂ ತೊಂದರೆಯಿಲ್ಲ' ಅನ್ನಿಸಬೇಕು, ಅಷ್ಟೆ.

ಶಾಲೆಯಲ್ಲಿ ನಮಗೆಲ್ಲ ಕಲಿಸಿದ ರಜಾಚೀಟಿಯಲ್ಲಿ ಜ್ವರ ತೀವ್ರವಾಗಿರುತ್ತಿತ್ತು, ಕೊನೆಯಲ್ಲಿ 'ದಯಮಾಡಿ' ಎರಡು ಸಲ ಬರುತ್ತಿತ್ತು. ಆ ಚಾಳಿ ದೊಡ್ಡವರಾದ ಮೇಲೂ ಬಿಡುವುದಿಲ್ಲ. ನಾನು ಒಂದು ಕಂಪನಿಯ ಸಿಬ್ಬಂದಿ ವಿಭಾಗದಲ್ಲಿದ್ದಾಗ ಇಂಥ ಪತ್ರಗಳು ಬಂದರೆ ಮುಕ್ಕಾಲು ಪುಟ ಕಾಯಿಲೆಯ ವರ್ಣನೆಯೇ ಇರುತ್ತಿತ್ತು. ಯಾವ ದಿನ, ಎಷ್ಟು ಹೊತ್ತು, ಎಲ್ಲಿಯವರೆಗೆ ಎಂದು ಹುಡುಕಿದರೂ ಸಿಗುತ್ತಿರಲಿಲ್ಲ. ಮರುಕ ಹುಟ್ಟುತ್ತಿತ್ತು, ಸಹಿ ಬೀಳುತ್ತಿರಲಿಲ್ಲ.

ನಿಮ್ಮ ವೇಳಾಪಟ್ಟಿಯನ್ನೇ ಹರಡಿ ನೋಡೋಣ. ಡಯಾಲಿಸಿಸ್ ಯಂತ್ರದ ಮೇಲೆ ಸುಮಾರು ನಾಲ್ಕು ತಾಸು. ಏಳಕ್ಕೆ ಶುರುವಾದರೆ ಹನ್ನೊಂದಕ್ಕೆ ಮುಗಿಯಿತು. ಸೂಜಿ ತೆಗೆದ ಜಾಗವನ್ನು ರಕ್ತ ನಿಲ್ಲುವವರೆಗೆ ಒತ್ತಿ ಹಿಡಿಯಬೇಕು. ಬಿಪಿ ಇಳಿದು ತಲೆ ಸುತ್ತಿದರೆ ಅಲ್ಲೇ ಸ್ವಲ್ಪ ಹೊತ್ತು ಮಲಗಿಸಬೇಕು. ಮನೆ ತಲುಪಿ ಊಟ ಮಾಡಿಸಿ ಮಲಗಿಸುವ ಹೊತ್ತಿಗೆ ಒಂದು ಗಂಟೆ. ಆಮೇಲೆ ಅವರು ಸುಸ್ತಾಗಿ ನಿದ್ದೆ ಹೋಗುತ್ತಾರೆ, ಅಮ್ಮ ಪಕ್ಕದಲ್ಲಿದ್ದರೆ ಸಾಕು. ಅಂದರೆ ಎರಡು ಗಂಟೆಗೆ ನೀವು ಕಚೇರಿಯಲ್ಲಿರಬಹುದು. ನಿಮ್ಮದು ದಿನಕ್ಕೆ ಎಂಟರಂತೆ ವಾರಕ್ಕೆ 48 ಗಂಟೆ ಎಂದುಕೊಳ್ಳೋಣ. ಮೂರು ಪೂರ್ತಿ ದಿನ, ಮೂರು ಅರ್ಧ ದಿನ ಸೇರಿ 36 ಗಂಟೆ. ಪತ್ರದಲ್ಲಿ ಬರಬೇಕಾದ ಲೆಕ್ಕ ಇದು, 'ಸ್ವಲ್ಪ ಕಡಿಮೆ ಮಾಡಿ' ಎಂಬ ಮಾತಲ್ಲ.

ಇನ್ನು ಅವಧಿ. ಡಯಾಲಿಸಿಸ್ ಆಗಸ್ಟಿಗೆ ಮುಗಿಯುವುದಿಲ್ಲ ಎಂದು ಮ್ಯಾನೇಜರರಿಗೂ ಗೊತ್ತು. ಆದ್ದರಿಂದ 'ತಂದೆ ಗುಣವಾಗುವವರೆಗೆ' ಎಂದು ಬರೆದರೆ ಅವರ ಕಿವಿಗೆ 'ಇನ್ನು ಯಾವಾಗಲೂ ಹೀಗೇ' ಎಂದು ಕೇಳಿಸುತ್ತದೆ. ಮುಗಿಯುವುದು ಕಾಯಿಲೆಯಲ್ಲ, ನೀವೊಬ್ಬರೇ ಹೊರುವ ಸ್ಥಿತಿ. ತಮ್ಮ ಬರುತ್ತಾನೆ ಎಂಬುದನ್ನು ಸ್ಪಷ್ಟವಾಗಿ ಹೇಳಿ, ಜೂನ್ 1ರಿಂದ ಆಗಸ್ಟ್ 31 ಎಂದು ತಾರೀಖು ಹಾಕಿ.

ಈಗ ಹಣ. ನಿಮ್ಮ ಒಟ್ಟು ಸಂಬಳ 38,000, ಅದರಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆ 26,000 ಎಂದು ಇಟ್ಟುಕೊಳ್ಳಿ. ನಾಲ್ಕನೇ ಒಂದು ಭಾಗ ಗಂಟೆ ಹೋದರೆ ತಿಂಗಳಿಗೆ 9,500, ಮೂರು ತಿಂಗಳಿಗೆ 28,500 ರೂಪಾಯಿ ಖೋತಾ. ಆದರೆ ಅರ್ಜಿ ಬರೆಯುವ ಮುನ್ನ ನಿಮ್ಮ ಗಳಿಕೆ ರಜೆ ಎಷ್ಟು ಉಳಿದಿದೆ, ಅದನ್ನು ಅರ್ಧ ದಿನವಾಗಿ ಕೊಡುತ್ತಾರೆಯೇ ಎಂದು ಕೇಳಿ. ಹದಿಮೂರು ವಾರಕ್ಕೆ 39 ಅರ್ಧ ದಿನ, ಅಂದರೆ ಹತ್ತೊಂಬತ್ತೂವರೆ ದಿನದ ರಜೆ ಅಷ್ಟೆ. 22 ದಿನ ಇದ್ದರೆ ಸಂಬಳಕ್ಕೆ ಕೈ ಹಾಕದೆಯೇ ಮುಗಿಸಬಹುದು. ನನ್ನ ಸಲಹೆ ಹಾಗಲ್ಲ. ತಂದೆಯನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ನಿಮ್ಮ ಹತ್ತಿರ ಒಂದು ವಾರದ ರಜೆಯಾದರೂ ಇರಬೇಕು. ಹತ್ತು ದಿನ ರಜೆಯಿಂದ ತೆಗೆಯಿರಿ, ಉಳಿದ ಒಂಬತ್ತೂವರೆ ದಿನಕ್ಕೆ ಸಂಬಳ ಬಿಡಿ. ತಿಂಗಳಿಗೆ 26 ದಿನದ ಲೆಕ್ಕದಲ್ಲಿ ನಷ್ಟ ಸುಮಾರು 14 ಸಾವಿರಕ್ಕೆ ಇಳಿಯುತ್ತದೆ.

ಗ್ರಾಚ್ಯುಟಿಯ ವಿಷಯದಲ್ಲಿ ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಗ್ರಾಚ್ಯುಟಿ ಕಟ್ಟುವುದು ಕೊನೆಯ ವೇತನ ದರದ ಮೇಲೆ: ಆ ಮೊತ್ತವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷದ ಸೇವೆಯ ಪಾಲು. 26,000ಕ್ಕೆ ವರ್ಷಕ್ಕೆ 15,000, ಹನ್ನೊಂದು ವರ್ಷಕ್ಕೆ 1,65,000. ಈಗ ಕಂಪನಿ ಒಳ್ಳೆಯ ಮನಸ್ಸಿನಿಂದಲೇ 'ಪಾರ್ಟ್‌ಟೈಮ್ ಮಾಡಿಕೊಡುತ್ತೇವೆ' ಎಂದು ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 19,500ಕ್ಕೆ ಇಳಿಸಿದ ಹೊಸ ವೇತನ ಪತ್ರ ಕೊಟ್ಟಿತು ಎನ್ನಿ. ಆ ಮೂರು ತಿಂಗಳಲ್ಲಿ ಏನೋ ಕಾರಣಕ್ಕೆ ಕೆಲಸ ಬಿಡಬೇಕಾಗಿ ಬಂದರೆ, ಪೂರ್ತಿ ಹೊತ್ತು ದುಡಿದ ಹಿಂದಿನ ವರ್ಷಗಳಿಗೂ ಸೇರಿ 1,23,750. 41 ಸಾವಿರಕ್ಕೂ ಹೆಚ್ಚು ಕೈತಪ್ಪುತ್ತದೆ. ಆದ್ದರಿಂದ ದರ ಹಾಗೆಯೇ ಇರಲಿ, ಬಾರದ ಗಂಟೆಗಳಿಗೆ ಮಾತ್ರ ಲಾಸ್ ಆಫ್ ಪೇ ಹಾಕಲಿ ಎಂದು ಕೇಳಿ. ತಿಂಗಳ ಸಂಬಳದ ಲೆಕ್ಕದಲ್ಲಿ ಕಂಪನಿಗೆ ಇದರಿಂದ ಒಂದು ಪೈಸೆಯೂ ಹೆಚ್ಚು ಖರ್ಚಿಲ್ಲ. ಇದೇ ನಿಮ್ಮ ಪತ್ರದ ಅತ್ಯಂತ ಬೆಲೆಬಾಳುವ ಸಾಲು.

ಕೆಲಸದ ಕಡೆಯದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಟಿಡಿಎಸ್ 7ಕ್ಕೆ, ಪಿಎಫ್ 15ಕ್ಕೆ, ಜಿಎಸ್‌ಟಿ ರಿಟರ್ನುಗಳು 11 ಮತ್ತು 20ಕ್ಕೆ. ಮ್ಯಾನೇಜರ್ ಪತ್ರ ಕೈಗೆತ್ತಿಕೊಂಡಾಗ ಮೊದಲು ಹೆದರುವುದು ಈ ತಾರೀಖುಗಳಿಗೇ. ಮಂಗಳವಾರ ಬೆಳಿಗ್ಗೆ ಬ್ಯಾಂಕ್ ಪಾವತಿಗೆ ನಿಮ್ಮ ಮೊಬೈಲಿಗೆ ಒಟಿಪಿ ಬರುವ ಹಾಗಿದ್ದರೆ ಅದನ್ನೂ ಈಗಲೇ ಸರಿಮಾಡಿ. ನೀವು ಡಯಾಲಿಸಿಸ್ ಕೋಣೆಯ ಹೊರಗೆ ಕೂತು ಒಟಿಪಿ ಓದಿ ಹೇಳುವುದು ಮೊದಲ ವಾರಕ್ಕೆ ಚೆಂದ, ಆಮೇಲೆ ಇಬ್ಬರಿಗೂ ಸಿಟ್ಟು.

ಮೊದಲು ಬಾಯಲ್ಲಿ ಮಾತಾಡಿ, ಆಮೇಲೆ ಹೀಗೆ ಬರೆಯಬಹುದು:

ಮಾನ್ಯರೆ,
ನನ್ನ ತಂದೆಯವರಿಗೆ ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಡಯಾಲಿಸಿಸ್ ನಿಗದಿಯಾಗಿದೆ. ಕೇಂದ್ರದ ವೇಳಾಪಟ್ಟಿ ಲಗತ್ತಿಸಿದ್ದೇನೆ. ಜೂನ್ 1ರಿಂದ ಆಗಸ್ಟ್ 31ರವರೆಗೆ ಈ ಮೂರು ದಿನ ಮಧ್ಯಾಹ್ನ 2ರಿಂದ 6ರವರೆಗೆ, ಉಳಿದ ಮೂರು ದಿನ ಎಂದಿನಂತೆ, ಒಟ್ಟು ವಾರಕ್ಕೆ 36 ಗಂಟೆ ಕೆಲಸ ಮಾಡಲು ಅನುಮತಿ ಕೋರುತ್ತೇನೆ. ಆಗಸ್ಟ್ ಕೊನೆಗೆ ನನ್ನ ತಮ್ಮ ಬೆಂಗಳೂರಿಗೆ ಬಂದು ಈ ಜವಾಬ್ದಾರಿ ವಹಿಸಿಕೊಳ್ಳುತ್ತಾನೆ. ಸೆಪ್ಟೆಂಬರ್ 1ರಿಂದ ಪೂರ್ಣಾವಧಿಗೆ ಮರಳುತ್ತೇನೆ.
20 ಅರ್ಧ ದಿನಗಳನ್ನು ನನ್ನ ಗಳಿಕೆ ರಜೆಗೆ ಹಾಕಿ, ಉಳಿದವಕ್ಕೆ ವೇತನ ಕಡಿತ ಮಾಡಬಹುದು. ಹುದ್ದೆ ಮತ್ತು ವೇತನ ದರ ಈಗಿನಂತೆಯೇ ಮುಂದುವರಿಯಲೆಂದು ಕೋರುತ್ತೇನೆ.
ತೆರಿಗೆ ಮತ್ತು ಪಿಎಫ್ ಗಡುವುಗಳು ಈ ಮೂರು ದಿನಗಳಲ್ಲಿ ಬಿದ್ದರೆ ಹಿಂದಿನ ದಿನವೇ ಮುಗಿಸುತ್ತೇನೆ. ಬೆಳಗಿನ ಬ್ಯಾಂಕ್ ಕೆಲಸಕ್ಕೆ ಸಹೋದ್ಯೋಗಿಯೊಬ್ಬರು ಒಪ್ಪಿದ್ದಾರೆ.
ಇಂತಿ ತಮ್ಮ ವಿಶ್ವಾಸಿ

ಸಹೋದ್ಯೋಗಿಯ ಹೆಸರು ಹಾಕಿ, ಆದರೆ ಅವರನ್ನು ಕೇಳಿದ ಮೇಲೆ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ವರದಿಗಳನ್ನೆಲ್ಲ ಜೋಡಿಸಬೇಡಿ. ವೇಳಾಪಟ್ಟಿಯ ಒಂದು ಹಾಳೆ ಸಾಕು.

ಮ್ಯಾನೇಜರ್ 'ಪತ್ರ ಯಾಕೆ, ನೀವು ಹೋಗಿ ಬನ್ನಿ, ನೋಡಿಕೊಳ್ಳೋಣ' ಎಂದರೆ ಕೈಮುಗಿದು, ಪತ್ರವನ್ನೂ ಕೊಡಿ. ನನ್ನ ಕಂಪನಿಯಲ್ಲಿ ಹಾಗೆ ಬಾಯಿಮಾತಿನ ಮೇಲೆ ಹೊರಟ ಒಬ್ಬರ ಮ್ಯಾನೇಜರ್ ಎರಡೇ ತಿಂಗಳಲ್ಲಿ ಬದಲಾದರು. ಹಾಜರಿ ಯಂತ್ರದಲ್ಲಿ ಇವರ ಹೆಸರಿನ ಮುಂದೆ ಲೇಟ್ ಮಾರ್ಕುಗಳ ಸಾಲು ಬಿಟ್ಟರೆ ಬೇರೇನೂ ಇರಲಿಲ್ಲ. ಹೊಸಬರು ನೋಟಿಸ್ ಕೊಟ್ಟರು. ಒಪ್ಪಿಗೆ ಮೇಲ್‌ನಲ್ಲಿ ಒಂದು ಸಾಲು ಬಂದರೂ ಆದೀತು, ಅದನ್ನು ನಿಮ್ಮ ಸ್ವಂತ ಮೇಲ್‌ಗೂ ಕಳಿಸಿಕೊಂಡಿರಿ.

ತಮ್ಮನ ವರ್ಗಾವಣೆ ತಡವಾಗುವ ಸುಳಿವು ಸಿಕ್ಕರೆ ಆಗಸ್ಟ್ 31ರವರೆಗೆ ಕಾಯಬೇಡಿ. ಆ ತಿಂಗಳ ಮೊದಲ ವಾರವೇ ಇನ್ನೊಂದು ಪತ್ರ ಕೊಡಿ.