ಖಾಲಿ ಕೋಣೆಯಲ್ಲಿ ಅಣಬೆ: ಎಷ್ಟು ಬೆಡ್, ಎಷ್ಟು ತೇವ, ಎಷ್ಟು ಗಿರಾಕಿ?

ಪ್ರಶ್ನೆ: ಮಗ ಕೆಲಸಕ್ಕೆಂದು ಬೆಂಗಳೂರು ಸೇರಿದ ಮೇಲೆ ಮನೆಯ ಹಿಂಬದಿಯ 10x12 ಅಡಿಯ ಕೋಣೆ ಖಾಲಿ ಬಿದ್ದಿದೆ. ಚಿಪ್ಪಣಬೆ ಬೆಳೆಯುವ ತರಬೇತಿ ಮುಗಿಸಿ ಬಂದಿದ್ದೇನೆ. ಒಂದೇ ಸಲಕ್ಕೆ 80 ಬೆಡ್ ಕಟ್ಟಬೇಕೆಂದಿದ್ದೇನೆ. ಊರಿನ ಎರಡು ತರಕಾರಿ ಅಂಗಡಿಯವರು ಮತ್ತು ಒಂದು ಹೋಟೆಲಿನವರು ವಾರಕ್ಕೆ ಒಟ್ಟು ಆರು ಕಿಲೋ ತೆಗೆದುಕೊಳ್ಳುತ್ತೇವೆ ಎಂದಿದ್ದಾರೆ. ಕೋಣೆ ಸಾಕೇ?
– ಗೃಹಿಣಿ, ಸಾಗರ

ಉತ್ತರ: ಕೋಣೆ ಧಾರಾಳವಾಗಿ ಸಾಕು, ತಾಯಿ. ಆದರೆ 80 ಬೆಡ್ಡನ್ನು ಒಂದೇ ಸಲ ಕಟ್ಟಬೇಡಿ. ಏಕೆಂದು ನಿಮ್ಮದೇ ಲೆಕ್ಕ ಹಿಡಿದು ಹೇಳುತ್ತೇನೆ.

ಒಂದು ಕಿಲೋ ಒಣ ಭತ್ತದ ಹುಲ್ಲಿನಿಂದ ಕಟ್ಟಿದ ಬೆಡ್, ಎರಡು ಮೂರು ಕೊಯ್ಲು ಸೇರಿ, ಹೊಸಬರ ಕೈಯಲ್ಲಿ ಸುಮಾರು 600 ಗ್ರಾಂ ಹಸಿ ಅಣಬೆ ಕೊಡುತ್ತದೆ. ಒಂದು ಕಿಲೋ ಬರುತ್ತದೆ ಎನ್ನುವುದು ಎಲ್ಲವೂ ಕೂಡಿಬಂದಾಗಿನ ಮಾತು. ಲೆಕ್ಕ ಹಾಕುವಾಗ ಅದನ್ನು ಹಿಡಿಯಬೇಡಿ. 80 ಬೆಡ್ ಎಂದರೆ 48 ಕಿಲೋ ಆಯಿತು. ಇದರಲ್ಲಿ ಹೆಚ್ಚುಕಡಿಮೆ ಅರ್ಧ ಮೊದಲ ಕೊಯ್ಲಿನಲ್ಲೇ ಬರುತ್ತದೆ. ಒಂದೇ ದಿನ ಕಟ್ಟಿದ ಬೆಡ್‌ಗಳು ಒಟ್ಟಿಗೇ ಅರಳುತ್ತವೆ. ಹಾಗಾಗಿ ನಾಲ್ಕೈದು ದಿನಗಳಲ್ಲಿ 24 ಕಿಲೋ ಅಣಬೆ ನಿಮ್ಮ ಮುಂದಿರುತ್ತದೆ, ಕೊಳ್ಳುವವರು ಇರುವುದು ಆರು ಕಿಲೋಗೆ. ಚಿಪ್ಪಣಬೆ ಹೊರಗಿಟ್ಟರೆ ಒಂದು ದಿನ, ಫ್ರಿಜ್ಜಿನಲ್ಲಿ ನಾಲ್ಕೈದು ದಿನ ತಡೆಯುತ್ತದೆ. ಒಣಗಿಸೋಣವೆಂದರೆ ಹತ್ತು ಕಿಲೋ ಹಸಿ ಅಣಬೆ ಒಣಗಿ ಒಂದು ಕಿಲೋ ಆಗುತ್ತದೆ, ಅದೂ ಬಿಸಿಲಿದ್ದರೆ. ನಿಮ್ಮೂರ ಮಳೆಗಾಲದಲ್ಲಿ ಆ ಮಾತೇ ಇಲ್ಲ.

ಆದ್ದರಿಂದ ಗಿರಾಕಿಯಿಂದ ಹಿಂದಕ್ಕೆ ಲೆಕ್ಕ ಹಾಕಿ. ವಾರಕ್ಕೆ ಆರು ಕಿಲೋ ಬೇಕೆಂದರೆ ವಾರಕ್ಕೆ ಹತ್ತು ಬೆಡ್ ಕಟ್ಟಿದರೆ ಸಾಕು. ಬೀಜ ಹಾಕಿದ ಮೇಲೆ ಬೆಡ್ ಪೂರ್ತಿ ಬಿಳಿಯಾಗಲು ಸುಮಾರು ಮೂರು ವಾರ ಬೇಕು. ಆಮೇಲೆ ಐದು ವಾರ ಅದು ಕೊಯ್ಲು ಕೊಡುತ್ತದೆ. ಎಂಟು ವಾರ ಕಳೆಯುವಾಗ ನಿಮ್ಮಲ್ಲಿ ಅದೇ 80 ಬೆಡ್ ಇರುತ್ತವೆ, ಆದರೆ ಒಂದೊಂದು ಹತ್ತು ಒಂದೊಂದು ವಯಸ್ಸಿನವು. ಪ್ರತಿ ವಾರ ಹತ್ತು ಹೊಸದು ಬಂದು ಹತ್ತು ಹಳೆಯದು ಗೊಬ್ಬರದ ಗುಂಡಿಗೆ ಹೋಗುತ್ತದೆ. ಬಿಳಿಯಾಗುತ್ತಿರುವ 30 ಬೆಡ್‌ಗಳಿಗೆ ಬೆಳಕು ಬೇಡ, ನೀರೂ ಬೇಡ. ಕತ್ತಲಿರುವ ಸ್ವಚ್ಛ ಮೂಲೆಯಲ್ಲಿ ಬೇರೆಯಾಗಿಡಿ. ಕೋಣೆಯಲ್ಲಿ ನಿಲ್ಲುವುದು 50. ಒಂದು ಹಗ್ಗಕ್ಕೆ ಮೂರರಂತೆ ನೇತುಹಾಕಿದರೆ 17 ಹಗ್ಗ. ಹಗ್ಗದಿಂದ ಹಗ್ಗಕ್ಕೆ ಎರಡಡಿ ಬಿಟ್ಟರೂ ಮಧ್ಯೆ ಓಡಾಡಲು ದಾರಿ ಉಳಿಯುತ್ತದೆ. ಗೋಡೆಗೆ ತಾಗಿಸಿ ತೂಗಬೇಡಿ, ತಾಗಿದ ಬದಿಯಲ್ಲಿ ಅಣಬೆ ಬರುವುದಿಲ್ಲ.

ಬೆಡ್ ಕಟ್ಟುವ ಕ್ರಮ ತರಬೇತಿಯಲ್ಲಿ ಕಲಿತಿದ್ದೀರಿ. ಒಂದೇ ಒಂದು ಕಡೆ ನಿಲ್ಲಿಸಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನ ಬೆಡ್ ಕೆಡುವುದು ಅಲ್ಲಿ. ಬಿಸಿನೀರಿನಲ್ಲಿ ಹದಮಾಡಿದ ಹುಲ್ಲನ್ನು ನೆರಳಲ್ಲಿ ಹರಡಿ, ಮುಷ್ಟಿಯಲ್ಲಿ ಬಲವಾಗಿ ಹಿಂಡಿ ನೋಡಿ. ನೀರು ಧಾರೆಯಾಗಿ ಇಳಿದರೆ ಇನ್ನೂ ಆರಬೇಕು. ಒಂದೆರಡು ಹನಿ ಮಾತ್ರ ಜಿನುಗಿದರೆ ಹದ ಸರಿಯಿದೆ, ಬೀಜ ಹಾಕಬಹುದು. ಹೆಚ್ಚು ನೀರಿದ್ದ ಬೆಡ್ಡಿನ ತಳದಲ್ಲಿ ಕಂದು ನೀರು ನಿಂತು ಹುಳಿ ವಾಸನೆ ಬರುತ್ತದೆ. ಹುಲ್ಲು ಸರಿಯಾಗಿ ಬೇಯದಿದ್ದರೆ ಹಸಿರು ಬೂಷ್ಟು ಕಾಣಿಸುತ್ತದೆ. ಅಂಥ ಬೆಡ್ಡನ್ನು ಉಳಿಸಲು ನೋಡಬೇಡಿ; ಕೋಣೆಯಲ್ಲಿ ಬಿಚ್ಚದೆ, ಹಾಗೆಯೇ ಹೊರಗೊಯ್ದು ಹೂಳಿಬಿಡಿ.

ಬೀಜವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಂಥ ನಂಬಿಕೆಯ ಕಡೆಯಿಂದ ಮುಂಚಿತವಾಗಿ ಹೇಳಿ ತರಿಸಿ. ಬೆಡ್ಡಿಗೆ 100 ಗ್ರಾಂ ಹಿಡಿದರೆ ವಾರಕ್ಕೆ ನಿಮಗೆ ಬೇಕಾಗುವುದು ಒಂದೇ ಕಿಲೋ.

ಪ್ರಶ್ನೆ: ಮಾರ್ಚ್ ಮೊದಲ ವಾರದವರೆಗೆ ಬೆಳೆ ಚೆನ್ನಾಗಿತ್ತು. ಈಗ ಗುಂಡುಸೂಜಿ ತಲೆಯಷ್ಟು ಮೂಡಿದ ಮೊಗ್ಗುಗಳು ಹಳದಿಯಾಗಿ ಒಣಗುತ್ತಿವೆ. ದಿನಕ್ಕೆ ಐದು ಸಲ ಬೆಡ್‌ಗಳ ಮೇಲೆ ನೀರು ಸಿಂಪಡಿಸುತ್ತಿದ್ದೇನೆ. ಕೋಣೆ ಮೂರನೇ ಮಹಡಿಯಲ್ಲಿದೆ.
– ಯುವ ಬೆಳೆಗಾರ, ದಾವಣಗೆರೆ

ಉತ್ತರ: ನೀರನ್ನು ಬೆಡ್ ಮೇಲೆ ಹೊಡೆಯುವುದನ್ನು ಇವತ್ತೇ ನಿಲ್ಲಿಸಿ. ಅಣಬೆಗೆ ಬೇಕಿರುವುದು ತೇವದ ಗಾಳಿ, ಮೈಮೇಲಿನ ನೀರಲ್ಲ. ನೀರು ಕೂತ ಮೊಗ್ಗು ಹಳದಿಯಾಗಿ ಲೋಳೆ ಬಿಟ್ಟು ಕೊಳೆಯುತ್ತದೆ, ತೇವ ಸಾಲದ ಮೊಗ್ಗು ಸೊರಗಿ ಗರಿಗರಿಯಾಗುತ್ತದೆ. ಮುಟ್ಟಿ ನೋಡಿದರೆ ನಿಮ್ಮದು ಯಾವುದೆಂದು ಗೊತ್ತಾಗುತ್ತದೆ. ಎರಡೂ ಒಂದೇ ಕೋಣೆಯಲ್ಲಿ ಕಾಣಬಹುದು.

ಊಹೆ ಸಾಕು, ಉಷ್ಣತೆ ಮತ್ತು ತೇವ ಎರಡನ್ನೂ ತೋರಿಸುವ ಸಣ್ಣ ಮಾಪಕವೊಂದನ್ನು ಬೆಡ್‌ಗಳ ಎತ್ತರಕ್ಕೆ ತೂಗುಹಾಕಿ. ಮೊಗ್ಗು ಮೂಡುವಾಗ ತೇವ 80ರಿಂದ 90 ಶೇಕಡಾ ಇರಬೇಕು. ನೆಲಕ್ಕೆ ಎರಡಿಂಚು ಮರಳು ಹಾಸಿ ನೆನೆಸಿಡಿ, ಕಿಟಕಿಗೂ ಗೋಡೆಗೂ ಒದ್ದೆ ಗೋಣಿ ಕಟ್ಟಿ. ನಿಮ್ಮೂರ ಗಾಳಿ ಒಣಗಾಳಿ, ಆದ್ದರಿಂದ ಒದ್ದೆ ಗೋಣಿ ದಾಟಿ ಬಂದ ಗಾಳಿ ತೇವವನ್ನೂ ತರುತ್ತದೆ, ಮೂರ್ನಾಲ್ಕು ಡಿಗ್ರಿ ತಂಪನ್ನೂ ಕೊಡುತ್ತದೆ. ಕರಾವಳಿಯವರಿಗೆ ಈ ಉಪಾಯದಿಂದ ತಂಪು ಸಿಗುವುದು ಅಷ್ಟಕ್ಕಷ್ಟೆ, ಅಲ್ಲಿನ ಗಾಳಿ ಮೊದಲೇ ತೋಯ್ದಿರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಮಧ್ಯಾಹ್ನ ಮೂರಕ್ಕೆ ಮಾಪಕ 30 ಡಿಗ್ರಿ ದಾಟಿದರೆ ಹೊಸ ಬೆಡ್ ಕಟ್ಟಬೇಡಿ. ಕಾಂಕ್ರೀಟ್ ತಾರಸಿಯ ಕೆಳಗಿನ ಕೋಣೆ ರಾತ್ರಿಯೂ ಕಾದಿರುತ್ತದೆ, ಏಪ್ರಿಲ್ ಮೇ ತಿಂಗಳಲ್ಲಿ ಅದು ಅಣಬೆಯ ಕೋಣೆಯಲ್ಲ. ನೆಲಮಾಳಿಗೆಯಲ್ಲೋ ನೆಲಮಹಡಿಯ ಉತ್ತರ ದಿಕ್ಕಿನಲ್ಲೋ ಜಾಗ ಸಿಕ್ಕರೆ ಮುಂದುವರಿಸಿ, ಇಲ್ಲದಿದ್ದರೆ ಮಳೆ ಬೀಳುವವರೆಗೆ ಬಿಡುವು ಕೊಡಿ. ಏ.ಸಿ. ಹಾಕಿಸುವ ಯೋಚನೆ ಬೇಡ. ಗಾಳಿಯ ತೇವವನ್ನೂ ಅದು ಹೀರುತ್ತದೆ, ವಾರಕ್ಕೆ ಏಳೆಂಟು ಕಿಲೋ ಮಾರುವವರಿಗೆ ಅದರ ಕರೆಂಟ್ ಬಿಲ್ ಹುಟ್ಟುವುದಿಲ್ಲ.

ಪ್ರಶ್ನೆ: ತೇವ ಹೋಗದಂತೆ ಕಿಟಕಿಗಳಿಗೆ ಪ್ಲಾಸ್ಟಿಕ್ ಬಿಗಿದಿದ್ದೇನೆ. ಅಣಬೆಯ ತೊಟ್ಟು ಬೆರಳುದ್ದ ಬೆಳೆದು ತಲೆ ಗುಂಡಿಯಷ್ಟೇ ಇದೆ. ಅಂಗಡಿಯವರು ಬೇಡವೆನ್ನುತ್ತಾರೆ. ಪಕ್ಕದ ಕೋಣೆಯಲ್ಲಿ ಮಲಗುವ ಅತ್ತೆಗೆ ಇತ್ತೀಚೆಗೆ ಒಣಕೆಮ್ಮು. ಸಂಬಂಧವಿದೆಯೇ?
– ಓದುಗರು, ಪುತ್ತೂರು

ಉತ್ತರ: ಉದ್ದ ತೊಟ್ಟು ಮತ್ತು ಸಣ್ಣ ತಲೆ ಗಾಳಿಯ ಕೊರತೆಯ ಸ್ಪಷ್ಟ ಗುರುತು. ಅಣಬೆಯೂ ನಮ್ಮಂತೆ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದು ಕೋಣೆಯಲ್ಲೇ ನಿಂತರೆ ಗಾಳಿ ಹುಡುಕಿಕೊಂಡು ತೊಟ್ಟು ನೀಳುತ್ತದೆ. ಪ್ಲಾಸ್ಟಿಕ್ ತೆಗೆದು ಸೊಳ್ಳೆಜಾಲರಿ ಹಾಕಿ, ನೊಣವೂ ಬರುವುದಿಲ್ಲ. ಬೆಳಿಗ್ಗೆ ಸಂಜೆ ಅರ್ಧ ಗಂಟೆ ತೆರೆದಿಟ್ಟು, ಮುಚ್ಚಿದ ಮೇಲೆ ನೆಲ ಗೋಡೆ ತೋಯಿಸಿ. ಪೇಪರ್ ಓದುವಷ್ಟು ಬೆಳಕೂ ಇರಲಿ. ಮುಂದಿನ ಕೊಯ್ಲಿನಲ್ಲೇ ವ್ಯತ್ಯಾಸ ಕಾಣುತ್ತದೆ.

ಕೆಮ್ಮಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಲಿತ ಚಿಪ್ಪಣಬೆ ಕಣ್ಣಿಗೆ ಕಾಣದಷ್ಟು ನವಿರಾದ ಬೀಜಕಣಗಳನ್ನು ಲೆಕ್ಕವಿಲ್ಲದಷ್ಟು ಉದುರಿಸುತ್ತದೆ. ಬೆಡ್ ಮೇಲೆ, ನೆಲದ ಮೇಲೆ ಬಿಳಿ ಪುಡಿ ಕಂಡರೆ ಅದೇ. ವಾರಗಟ್ಟಲೆ ಅದನ್ನು ಉಸಿರಾಡಿದ ಕೆಲವರಿಗೆ ಕೆಮ್ಮು, ಜ್ವರ, ಎದೆ ಬಿಗಿತ ಬರುತ್ತದೆ. ಶ್ವಾಸಕೋಶವೇ ಊದಿಕೊಳ್ಳುವುದೂ ಉಂಟು. ತಲೆಯ ಅಂಚು ಇನ್ನೂ ಕೆಳಕ್ಕೆ ಬಾಗಿರುವಾಗಲೇ ಕೊಯ್ಯಿರಿ. ಅಂಚು ಮೇಲಕ್ಕೆ ಸುರುಟಿದರೆ ತಡವಾಯಿತು. ಆ ಹದದಲ್ಲಿ ಕೊಯ್ದ ಅಣಬೆ ಅಂಗಡಿಯಲ್ಲೂ ಒಂದು ದಿನ ಹೆಚ್ಚು ತಾಳುತ್ತದೆ. ಒಳಗೆ ಹೋಗುವವರು ಮಾಸ್ಕ್ ಹಾಕಲೇಬೇಕು. ಆದರೆ ಮನೆಯೊಳಕ್ಕೆ ಬಾಗಿಲು ತೆರೆಯುವ ಕೋಣೆಯಲ್ಲಿ ಇದಿಷ್ಟೂ ಸಾಲದು. ಅಂಗಳದ ಕೊಟ್ಟಿಗೆಗೋ ಹೊರಬಾಗಿಲಿನ ಕೋಣೆಗೋ ಬೆಡ್‌ಗಳನ್ನು ಸಾಗಿಸಿ, ಅತ್ತೆಯವರನ್ನು ಈ ವಾರವೇ ವೈದ್ಯರಿಗೆ ತೋರಿಸಿ, ಮನೆಯಲ್ಲಿ ಅಣಬೆ ಬೆಳೆಯುತ್ತಿರುವುದನ್ನು ಅವರಿಗೆ ಮರೆಯದೆ ಹೇಳಿ.