ಕಾರ್ತಿಕಕ್ಕೆ ಸೋಯಾ ಮೇಣದ ದೀಪ: ಅಚ್ಚು, ಬತ್ತಿ, ಬಿಸಿ

ಕಾರಿಮಂಗಲಂ ಕಡೆ ಕಾರ್ತಿಕ ದೀಪದ ಸಂಜೆ ಹೊಸ್ತಿಲಿಗೆ ಮಣ್ಣಿನ ಹಣತೆಯೇ ಚೆಂದ. ನೆಂಟರು ಕೂರುವ ಮೇಜಿನ ಮೇಲೆ ಎಣ್ಣೆ ಚೆಲ್ಲದ ದೀಪ ಬೇಕೆಂದರೆ ಅಚ್ಚಿನಲ್ಲಿ ಎರೆದ ಮೇಣದಬತ್ತಿ ಅನುಕೂಲ.

ಮೇಣ ಕೊಳ್ಳುವಾಗಲೇ ಹೆಚ್ಚಿನವರು ಎಡವುತ್ತಾರೆ. ಗಾಜಿನ ಲೋಟಕ್ಕೆಂದು ಮಾರುವ ಸೋಯಾ ಮೇಣ ಮೆತ್ತಗಿರುತ್ತದೆ. ಅಚ್ಚಿನಿಂದ ತೆಗೆಯುವಾಗ ಅಂಚು ಮುರಿಯುತ್ತದೆ. ಅಚ್ಚಿಗೆ ‘ಪಿಲ್ಲರ್’ ಸೋಯಾ ಮೇಣವನ್ನೇ ಕೇಳಿ. ಜೆಲ್ ಮೇಣವನ್ನು ಅಚ್ಚಿಗೆ ಎರೆಯಲೇಬೇಡಿ. ಅದು ಖನಿಜ ತೈಲವನ್ನು ಪಾಲಿಮರ್‌ನಿಂದ ಗಟ್ಟಿ ಮಾಡಿದ್ದು, ತಾನಾಗಿ ನಿಲ್ಲುವುದಿಲ್ಲ. ದಪ್ಪ ಗಾಜಿನ ಪಾತ್ರೆಯೇ ಅದಕ್ಕೆ ತಕ್ಕುದು.

ಸಿಲಿಕೋನ್ ಅಚ್ಚಿಗೆ ನೀರು ತುಂಬಿ ಅಳೆಯಿರಿ. 200 ಮಿ.ಲೀ. ಹಿಡಿದರೆ ಸುಮಾರು 180 ಗ್ರಾಂ ಮೇಣ ಸಾಕು. ಕುಳಿ ಮುಚ್ಚಲು ಇನ್ನೊಂದಿಷ್ಟು ಇಟ್ಟುಕೊಳ್ಳಿ. ಆಮೇಲೆ ಅಚ್ಚನ್ನು ಚೆನ್ನಾಗಿ ಒಣಗಿಸಿ. ಒಳಗೆ ನೀರಿನ ಹನಿ ಉಳಿದರೆ ಉರಿಯುವಾಗ ಬತ್ತಿ ಚಟಚಟ ಸಿಡಿಯುತ್ತದೆ. ಹತ್ತಿಯ ಬತ್ತಿಯನ್ನು ಕರಗಿದ ಮೇಣದಲ್ಲಿ ಅದ್ದಿ ನೇರ ಮಾಡಿ, ಅಚ್ಚಿನ ತಳದ ತೂತಿಗೆ ಪೋಣಿಸಿ ಪುಟ್ಟಿಯಿಂದ ಮುಚ್ಚಿ. ಮೇಲ್ತುದಿಯನ್ನು ಎರಡು ಐಸ್‌ಕ್ರೀಮ್ ಕಡ್ಡಿಗಳ ನಡುವೆ ಸಿಕ್ಕಿಸಿ ಮಧ್ಯಕ್ಕೆ ನಿಲ್ಲಿಸಿ.

ಮೇಣವನ್ನು ನೇರ ಉರಿಗೆ ಇಡಬೇಡಿ. ಬಿಸಿ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು 80 ಡಿಗ್ರಿ ಸೆಲ್ಸಿಯಸ್ ತನಕ ಕರಗಿಸಿ, ಥರ್ಮಾಮೀಟರ್ ಅಲ್ಲೇ ಇರಲಿ. ಒಲೆ ಬಿಟ್ಟು ಕದಲಬೇಡಿ. ಮೇಣಕ್ಕೆ ಬೆಂಕಿ ಹತ್ತಿದರೆ ಒಲೆ ಆರಿಸಿ ಮುಚ್ಚಳ ಮುಚ್ಚಿ. ನೀರು ಸುರಿದರೆ ಅದು ಕ್ಷಣದಲ್ಲಿ ಆವಿಯಾಗಿ ಉರಿಯುವ ಮೇಣವನ್ನು ಸುತ್ತ ಎರಚುತ್ತದೆ. ಮುಚ್ಚಳ ಕೈಗೆಟುಕುವಷ್ಟು ಹತ್ತಿರ ಇಟ್ಟೇ ಕೆಲಸ ಶುರು ಮಾಡಿ.

70 ಡಿಗ್ರಿ ಆಸುಪಾಸಿಗೆ ಇಳಿದಾಗ, ಪೊಟ್ಟಣದಲ್ಲಿ ಬೇರೆ ಅಂಕಿಯಿದ್ದರೆ ಅದರಂತೆ, ಅಚ್ಚಿನ ಒಳಗೋಡೆಗೆ ತಗುಲುವಂತೆ ನಿಧಾನ ಸುರಿಯಿರಿ. ಮೇಣ ತಣಿಯುತ್ತಾ ಕುಗ್ಗುವುದರಿಂದ ಬತ್ತಿಯ ಪಕ್ಕ ಕುಳಿ ಬೀಳುತ್ತದೆ. ಮೇಲೆ ಕೆನೆಗಟ್ಟಿದಾಗ ಕಡ್ಡಿಯಿಂದ ಚುಚ್ಚಿ, ಉಳಿಸಿದ ಮೇಣ ತುಂಬಿ. ಫ್ರಿಜ್‌ಗೆ ಇಟ್ಟರೆ ಬಿರುಕು ಬಿಡುತ್ತದೆ. ರಾತ್ರಿಯಿಡೀ ಹೊರಗೇ ಇರಲಿ. ಮೈಮೇಲೆ ಬಿಳಿ ಪುಡಿಯಂತೆ ಕಂಡರೆ ಅದು ಸೋಯಾದ ಸ್ವಭಾವ, ಕೆಟ್ಟಿದ್ದಲ್ಲ.

ಹಬ್ಬಕ್ಕೆ ಮುಂಚೆ ಒಂದನ್ನು ಉರಿಸಿ ನೋಡಲೇಬೇಕು. ಬತ್ತಿಯನ್ನು 6 ಮಿ.ಮೀ.ಗೆ ಕತ್ತರಿಸಿ ಹಚ್ಚಿ. ತುದಿ ಅಣಬೆಯಂತೆ ಕಟ್ಟಿ ಹೊಗೆ ಬಂದರೆ ಬತ್ತಿ ದಪ್ಪವಾಯಿತು. ಕರಗಿದ ಮೇಣದಲ್ಲಿ ಮುಳುಗಿ ಆರಿದರೆ ತೆಳುವಾಯಿತು. ಸುತ್ತ ತೆಳ್ಳಗಿನ ಗೋಡೆ ಉಳಿದು ನಡುವಷ್ಟೇ ಕರಗಿದರೆ ಸರಿಯಾದ ಅಳತೆ. ಒಣಹೂವು, ಎಲೆ, ಮಿನುಗುಪುಡಿ ಒಳಗೆ ಹಾಕಿದರೆ ಅವೇ ಎರಡನೇ ಬತ್ತಿಯಾಗಿ ಹತ್ತಿಕೊಳ್ಳುತ್ತವೆ; ಹೂವನ್ನು ತಟ್ಟೆಯ ಸುತ್ತ, ಜ್ವಾಲೆಯಿಂದ ದೂರವೇ ಇಡಿ. ಜೆಲ್ ದೀಪವಾದರೆ ಗಾಜಿನ ತಳದಲ್ಲಿ ಒಂದು ಸೆಂ.ಮೀ. ಉಳಿದಾಗಲೇ ಆರಿಸಿಬಿಡಿ, ಇಲ್ಲದಿದ್ದರೆ ಬಿಸಿಗೆ ಗಾಜು ಸೀಳಬಹುದು.